ಹಾಸ್ಟೆಲ್ಲಿನ ಸಂಶಯದ ಅಕ್ಕಾರು

ಕುಂದಗೋಳದ ನಮ್ಮ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಅಕ್ಕಾರು ಈ ಲೋಕದಲ್ಲಿ ಯಾರನ್ನೂ ನಂಬಿದವರಲ್ಲ. ಹಾಲು ಹಾಕುವವನನ್ನು ನಂಬುತ್ತಿರಲಿಲ್ಲ, ಹೋಗಲಿ ಬಿಡಿ. ಆದರೆ ಹೊಸದಾಗಿ ಬಂದ ಹುಡುಗಿ ನಕ್ಕರೂ ಸಂಶಯ, ಅತ್ತರೂ ಸಂಶಯ! ಸುಮ್ಮನಿದ್ದರಂತೂ ಕೇಳಲೇಬೇಡಿ.

ಎಂಬತ್ತರ ದಶಕದ ಮಾತು. ಬಮ್ಮಿಗಟ್ಟಿಯಿಂದ ಎಂಟನೆಯ ಇಯತ್ತೆ ಕಲಿಯಲು ಬಂದ ನಾನು ಟ್ರಂಕನ್ನು ಬಿಚ್ಚಿರಲೇ ಇಲ್ಲ. ಇಂದೋ ನಾಳೆಯೋ ಊರಿಗೆ ಹೋಗುವವಳಿಗೆ ಆ ಉಸಾಬರಿ ಏಕೆ? ಹೋದರೆ ಮತ್ತೆ ಶಾಲೆಯಿಲ್ಲ, ಅಜ್ಜಿ ಆಗಲೇ ವರ ನೋಡಿಟ್ಟಿದ್ದಾಳೆ ಎಂಬುದು ಗೊತ್ತಿದ್ದೂ ಮನಸ್ಸು ಅವ್ವನ ಹತ್ತಿರವೇ ಇತ್ತು.

“ಏನವಾ, ಅರಿವಿ ಎಲ್ಲಾ ಟ್ರಂಕಿನ್ಯಾಗ ಅದಾವಲ್ಲ? ಓಡಿಹೋಗೂ ವಿಚಾರ ಏನ?” ಎಂದ ಅಕ್ಕಾರು, ಎದುರಿಗೆ ನಿಂತು ಬಟ್ಟೆಗಳನ್ನೆಲ್ಲ ಗೂಟಕ್ಕೆ ಹಾಕಿಸಿದರು. ಅವ್ವ ಹೊಲಿದ ಕೌದಿಯನ್ನೂ ಹಾಸಿಸಿದರು. ಅದನ್ನು ಮೂಸಿ ಅಳಲು ನನಗೆ ಬಹಳ ಅನುಕೂಲವಾಯಿತು!

ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು. ಸುಳ್ಳಲ್ಲ, ನಿಜಕ್ಕೂ ನೋಯುತ್ತಿತ್ತು. ಅಕ್ಕಾರು ಹೊಟ್ಟೆ ಒತ್ತಿ, ನಾಲಿಗೆ ನೋಡಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡರು.

“ನೋವು ಖರೇನ ಐತಿ. ಆದ್ರ ಹೊಟ್ಟಿದಲ್ಲ, ಊರಿಂದು. ಏಳು, ಸಾಲಿಗೆ ನಡಿ. ನಡಕೋತ ಹೋದ್ರ ಕಡಿಮಿ ಆಗತೈತಿ.”

ಆಗಿಯೇಬಿಟ್ಟಿತು, ನನಗೆ ಅವಮಾನವಾಗುವಷ್ಟು ಬೇಗ!

ಸಂಜೆಯಾದರೆ ಹೊಸಬರ ಕಣ್ಣೆಲ್ಲ ಬಸ್ಸಿನ ರಸ್ತೆಯ ಕಡೆ. ಸರಿಯಾಗಿ ಅದೇ ಹೊತ್ತಿಗೆ ಅಕ್ಕಾರು ಖೋಖೋ ಆಡಿಸುತ್ತಿದ್ದರು, ಗಿಡಗಳಿಗೆ ನೀರು ಹೊರಿಸುತ್ತಿದ್ದರು. ಅಣ್ಣಿಗೇರಿಯ ಹುಡುಗಿಯೊಬ್ಬಳನ್ನು ನನಗೆ ಗಂಟು ಹಾಕಿದರು. “ಹ್ವಾದ ವರ್ಷ ಇಕಿ ನಿನಗಿಂತ ಜೋರ್ ಅತ್ತಾಳ. ಹೆಂಗ ನಿಂತಿತು, ಇಕಿನ್ನ ಕೇಳು.” ಅಳುವುದರಲ್ಲೂ ನಾನು ಎರಡನೆಯವಳೇ!

ಅವ್ವ ಬಸ್ಸಿನಲ್ಲಿ ಕಳಿಸುತ್ತಿದ್ದ ಬುತ್ತಿಗಂಟು ನೇರವಾಗಿ ಅಕ್ಕಾರ ಕಪಾಟು ಸೇರುತ್ತಿತ್ತು. ತಾವೇ ತಿನ್ನುತ್ತಾರೆಂದು ನಮಗೂ ಬಲವಾದ ಗುಮಾನಿ. ನೋಡಿದರೆ, ಭಾನುವಾರ ಸಂಜೆ ಎಲ್ಲರ ಖಟಿ ರೊಟ್ಟಿ, ಶೇಂಗಾ ಚಟ್ನಿ ನಡುವೆ ಇಟ್ಟು ಕೂಗಿದರು: “ಒಬ್ಬಾಕಿನ ಮೂಲ್ಯಾಗ ಕುಂತ ತಿಂದ್ರ ಊರ ನೆನಪಾಗಿ ಅಳು ಬರತೈತಿ. ಕೂಡಿ ತಿನ್ರಿ!”

ಊರಿಗೆ ಹೋಗುವುದು ಮಾತ್ರ ದಸರೆಗೇ. “ವಾರಾ ವಾರಾ ಹೋದ್ರ ವಾರಾ ವಾರಾ ಹೊಸದಾಗಿ ಅಳಬೇಕಾಗತೈತಿ.”

ದಸರೆಗೆ ಮೊದಲೇ ಒಂದು ಮಧ್ಯಾಹ್ನ ಅಪ್ಪ ಬಂದು ಬಾಗಿಲಲ್ಲಿ ನಿಂತ. “ಇವರವ್ವಗ ಆರಾಮಿಲ್ರಿ. ಹುಡುಗೀನ ಕರಕೊಂಡ ಹೋಗತೇನ್ರಿ.”

ಅಕ್ಕಾರು ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಆರಾಮಿಲ್ಲದ್ದು ಅವರಿಗೋ, ನಿಮಗೋ?”

ಅಪ್ಪ ತಲೆ ತಗ್ಗಿಸಿದ. “ಆಕಿ ಛಲೋನ ಅದಾಳ್ರಿ... ಉಣ್ಣಾಕ ಕುಂತ್ರ ಇಕಿ ಕುಂಡ್ರೂ ಜಾಗಾ ಕಾಣತೈತ್ರಿ. ತುತ್ತ ಇಳಿಯಂಗಿಲ್ಲ.”

ಅಕ್ಕಾರು ನನ್ನ ಕಡೆ ತಿರುಗಿದರು. “ನೀನ ಹೇಳವಾ. ಹೋಗ್ತೀ?”

ಓಡಿಹೋಗಿ ಅಪ್ಪನ ಕೈ ಹಿಡಿಯಬೇಕೆನಿಸಿತು. ಹಿಡಿದೆ ಕೂಡ. ಆದರೆ ಬಾಯಿಂದ ಬಂದದ್ದು ಬೇರೆ: “ದಸರಾ ಸೂಟಿಗೆ ಬರತೇನಪಾ. ಇಲ್ಲೇ ಇದ್ದು ಕಲೀತೇನಿ.”

ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಅಕ್ಕಾರು ನಮ್ಮ ಊಟದ ಸಾಲಿನಲ್ಲಿ ನನ್ನ ಪಕ್ಕಕ್ಕೆ ಅವನನ್ನು ಕೂರಿಸಿ, ತಾಟಿಗೆ ಬಿಸಿ ರೊಟ್ಟಿ ಹಾಕಿದರು.

“ಉಣ್ರಿ. ಹುಡುಗಿಗೆ ರೂಢಿ ಆಗೇತಿ. ನಿಮಗೂ ಆಗತೈತಿ.”