ಅಕ್ಕನನ್ನೇ ಕೇಳಿ

ನಮ್ಮ ಅಕ್ಕನಿಗೆ ಸಹಾಯ ಮಾಡಲು ಹೋಗಿ ಪೂರ್ತಿ ಮರ್ಯಾದೆಯೊಂದಿಗೆ ಮರಳಿದವರು ಮೂಡಬಿದಿರೆಯಿಂದ ಬಂಟ್ವಾಳದವರೆಗೆ ಯಾರೂ ಇರಲಿಲ್ಲ!

ಚಿಕ್ಕಂದಿನಲ್ಲೇ ಪೋಲಿಯೊ ಬಂದು ಅವಳ ಎಡಗಾಲು ಸೋತಿತ್ತು. ಎರಡು ಕಂಕುಳಿಗೂ ಊರುಗೋಲು. ಬಾಯಿಗೆ ಮಾತ್ರ ಯಾವ ಊರುಗೋಲೂ ಬೇಕಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಅವಳು ಎಲ್ಲಿಗೆ ಹೊರಟರೂ ಜೊತೆಗೆ ತಮ್ಮನಾದ ನಾನು. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಬೇರೆ ಕೆಲಸವಾದರೂ ಏನಿತ್ತು?

ಒಮ್ಮೆ ನಮ್ಮ ತೋಡಾರಿನಿಂದ ಬಸ್ಸು ಹತ್ತಿದೆವು. ಕಂಡಕ್ಟರ್ ಒಳ್ಳೆಯ ಮನುಷ್ಯ. ಅಕ್ಕ ಕೂತದ್ದೇ ತಡ, ಊರುಗೋಲುಗಳನ್ನು ಎತ್ತಿಕೊಂಡು ಹೋಗಿ ಡ್ರೈವರನ ಪಕ್ಕ ಇಟ್ಟು ಬಂದ.

"ಅಲ್ಲಿ ಜೋಪಾನವಾಗಿರ್ತದೆ" ಎಂದು ನನಗೆ ಹೇಳಿದ.

"ಹೌದಾ? ಹಾಗಾದ್ರೆ ನಿಮ್ಮ ಕಾಲನ್ನೂ ಬಿಚ್ಚಿ ಅಲ್ಲೇ ಇಟ್ಟು ಬನ್ನಿ" ಎಂದಳು ಅಕ್ಕ.

ಊರುಗೋಲು ಕೈಗೆಟಕುವಲ್ಲಿ ಇಲ್ಲದಿದ್ದರೆ ಅವಳು ಏಳುವುದಾದರೂ ಹೇಗೆ? ಪಾಪ, ಅವನು ಓಡಿಹೋಗಿ ತಂದುಕೊಟ್ಟ.

ಬಂಟ್ವಾಳದ ಹೋಟೆಲಿನಲ್ಲಿ ಸಪ್ಲೈಯರ್ ನನ್ನ ಮುಖ ನೋಡಿ, "ಇವರಿಗೆ ಏನು ಬೇಕಂತೆ?" ಎಂದ.

ಅಕ್ಕನೂ ನನ್ನ ಕಡೆಗೇ ತಿರುಗಿದಳು. "ತಮ್ಮಾ, ನನಗೆ ಗೋಳಿಬಜೆ ಅಂತ ಅವರಿಗೆ ಹೇಳು. ಹಾಗೇ ಅವರಿಗೆ ಕಿವಿ ಕೇಳ್ತದಾ ಅಂತಲೂ ಕೇಳು."

"ಕೇಳ್ತದೆ" ಎಂದ ಅವನು. ಅದನ್ನೂ ನನಗೇ ಹೇಳಿದ, ಮಾರಾಯ್ರೆ!

ಬೆಳ್ತಂಗಡಿಯ ಮದುವೆಯಲ್ಲಂತೂ ಜರಿಶಾಲಿನ ಹಿರಿಯರೊಬ್ಬರು ಹಿಂದಿನಿಂದ ಬಂದು, "ಬಿಡು ಮಗಾ, ನಾನಿದ್ದೇನೆ" ಎಂದು ಅವಳ ತೋಳನ್ನು ಗಬಕ್ಕನೆ ಹಿಡಿದೆತ್ತಿದರು. ಊರುಗೋಲಿನವರ ಭಾರವೆಲ್ಲ ತೋಳಿನಲ್ಲೇ ಇರುತ್ತದೆ. ಅದನ್ನು ಎಳೆದರೆ ಕಾಲಡಿಯ ನೆಲವನ್ನೇ ಎಳೆದಂತೆ. ಇಬ್ಬರೂ ಚಾಪೆಯ ಮೇಲೆ ಬಿದ್ದರು. ಬಿದ್ದಲ್ಲಿಂದಲೇ ಅಕ್ಕ ಅವರನ್ನು ಕೇಳಿದಳು: "ನಿಮಗೆ ಏಳ್ಲಿಕ್ಕೆ ಸಹಾಯ ಬೇಕಾ? ನಾನಾದ್ರೆ ಕೇಳಿಯೇ ಮುಟ್ಟುವುದು!"

ನಾನು ನಕ್ಕೆ. ಹೀಗೆ ಎಲ್ಲರನ್ನೂ ನೋಡಿ ನಗುತ್ತಿದ್ದ ನಾನು ಎಂಥ ಮಹಾಶಯ ಎಂಬುದನ್ನು ಈಗ ಹೇಳಬೇಕು.

ಅಕ್ಕನಷ್ಟು ಚಂದ ಹೊಲಿಯುವವರು ನಮ್ಮ ಕಡೆ ಇರಲಿಲ್ಲ. ಬಲಗಾಲೊಂದರಲ್ಲೇ ಮೆಷಿನ್ ತುಳಿಯುತ್ತಿದ್ದಳು. ಮೂಡಬಿದಿರೆ ಪೇಟೆಯ ಹೊಲಿಗೆ ತರಗತಿಗೆ ಟೀಚರ್ ಬೇಕೆಂದು ತಿಳಿದು, ತಾನು ಹೊಲಿದ ರವಿಕೆಗಳನ್ನು ಚೀಲದಲ್ಲಿ ತುಂಬಿಕೊಂಡು ಹೊರಟಳು. ದಾರಿಯುದ್ದಕ್ಕೂ ಅವಳ ಮುಖದಲ್ಲಿದ್ದ ಬೆಳಕನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ತರಗತಿ ಇದ್ದದ್ದು ಮಾಳಿಗೆಯಲ್ಲಿ. ಅದನ್ನು ನಡೆಸುತ್ತಿದ್ದ ಬಾಯಮ್ಮ ಕೆಳಗಿಳಿದು ಬಂದು, ರವಿಕೆಗಳನ್ನು ಒಳಹೊರಗೆ ತಿರುವಿ ನೋಡಿ ತಲೆದೂಗಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇವರಿಗೆ ದಿನಾ ಮೆಟ್ಟಿಲು ಹತ್ಲಿಕ್ಕೆ ಆಗ್ತದಾ?"

ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: "ಇಲ್ಲ, ಅವಳಿಂದ ಆಗ್ಲಿಕ್ಕಿಲ್ಲ."

ಅವಳು ಬೀಳುತ್ತಾಳೆಂಬ ಭಯವೇ? ಅದೂ ಇತ್ತು. ದಿನಾ ಕರೆದುಕೊಂಡು ಹೋಗಬೇಕಲ್ಲ ಎಂಬ ಸೋಮಾರಿತನವೂ ಇತ್ತು. ಊರಿಗೆಲ್ಲ ಉತ್ತರ ಕೊಡುವ ಅಕ್ಕ ಆ ದಿನ ಮನೆ ಸೇರುವವರೆಗೂ ತುಟಿ ಬಿಚ್ಚಲಿಲ್ಲ. ಅವಳ ಬೈಗುಳವನ್ನು ಎಷ್ಟು ಬೇಕಾದರೂ ತಿನ್ನಬಹುದಿತ್ತು. ಆ ಮೌನವನ್ನು ತಿನ್ನಲಾಗಲಿಲ್ಲ.

ಮರುದಿನ ಬೆಳಿಗ್ಗೆ ಸೀರೆಯುಟ್ಟು ನಿಂತಿದ್ದಳು. "ಬರುವುದಾದ್ರೆ ಬಾ. ಬಾಯಿ ಮನೆಯಲ್ಲೇ ಇಟ್ಟು ಬಾ."

ನಾನು ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟೆ.

ಹೊಲಿಗೆ ತರಗತಿಯ ಮೆಟ್ಟಿಲ ಬುಡದಲ್ಲಿ ಅವಳು ಒಂದು ಊರುಗೋಲನ್ನು ನನ್ನ ಕೈಗೆ ಕೊಟ್ಟಳು. ಕೆಳಗಿನ ಅರ್ಧಕ್ಕೆ ಗೋಡೆ, ಮೇಲಿನ ಅರ್ಧಕ್ಕೆ ಕಂಬಿ ಹಿಡಿದು ಮೊದಲು ಬಲಗಾಲು, ಆಮೇಲೆ ಎಡಗಾಲು ಮತ್ತು ಊರುಗೋಲು. ನಿಧಾನವಾಗಿ, ಠೀವಿಯಿಂದ, ಆಸುಪಾಸಿನ ಅಂಗಡಿಯವರೆಲ್ಲ ನೋಡುತ್ತಿದ್ದಂತೆ ಮೇಲೇರಿದಳು.

ಬಾಯಮ್ಮ ನನ್ನನ್ನು ನೋಡಿ, "ಇವರಿಗೆ ನೀರು..." ಎಂದರು. ನಾನು ತುಟಿ ಬಿಗಿಹಿಡಿದು ಅಕ್ಕನ ಮುಖವನ್ನೇ ನೋಡಿದೆ. ಬಾಯಮ್ಮನ ಕಣ್ಣೂ ಮೆಲ್ಲನೆ ಅತ್ತ ಹೋಯಿತು.

"ನಿಮಗೆ ನೀರು ಬೇಕಾ?"

"ನೀರು ಬೇಡ. ಕೆಲಸ ಬೇಕು" ಎಂದಳು ಅಕ್ಕ.

ಕೆಲಸ ಸಿಕ್ಕಿತು. ಆದರೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮೇಲಿನ ಮೆಟ್ಟಿಲಲ್ಲಿ ಅವಳು ಕ್ಷಣಕಾಲ ನಿಂತಳು. ನನ್ನ ಕೈ ತಾನಾಗಿಯೇ ಅವಳ ತೋಳಿನತ್ತ ಹೋಯಿತು. ಹಿಂದೆಳೆದುಕೊಂಡೆ.

"ಅಕ್ಕಾ, ನಾನೇನಾದ್ರೂ ಮಾಡ್ಬೇಕಾ?"

ಅಷ್ಟು ವರ್ಷಗಳಲ್ಲಿ ನಾನು ಹಾಗೆ ಕೇಳಿದ್ದು ಅದೇ ಮೊದಲು.

"ಒಂದು ಮೆಟ್ಟಿಲು ಕೆಳಗೆ, ನನ್ನೆದುರು ಇರು. ಮುಟ್ಟಬೇಡ."

ಈ ಸಲ ಊರುಗೋಲು ಮತ್ತು ಎಡಗಾಲು ಮೊದಲು, ಆಮೇಲೆ ಬಲಗಾಲು. ನಾನು ಹಿಂದಕ್ಕೆ ಹೆಜ್ಜೆ ಹಾಕುತ್ತ ಇಳಿದೆ. ಅರ್ಧದಲ್ಲಿ ಕಂಬಿ ಮುಗಿಯಿತು. ಅಕ್ಕ ಕಂಬಿ ಬಿಟ್ಟ ಕೈಯನ್ನು ನನ್ನ ಹೆಗಲ ಮೇಲಿಟ್ಟಳು.

ಅಲ್ಲಿಯವರೆಗೆ ನಾನೇ ಅವಳನ್ನು ಹಿಡಿದುಕೊಳ್ಳುತ್ತಿದ್ದೆ. ಅವಳು ನನ್ನನ್ನು ಹಿಡಿದದ್ದು ಆ ದಿನ.