ಕೊನೆಯ ಪದಕ್ಕೆ ಕಾಯದ ತಿಮ್ಮರಾಜು

ಹೆಂಡತಿ ಬೈರಮ್ಮನ ಮಾತು ಮುಗಿಯಲು ಇನ್ನೊಂದೇ ತುಣುಕು ಬಾಕಿ ಇತ್ತು. "ಇವತ್ತಿನ ಸಾರಿಗೆ ಅಂತ ಕಾವಿಗೆ ಕೂತಿರೋ ಕೋಳೀನ ಕುಯ್ಸ್..." ಎನ್ನುವಷ್ಟರಲ್ಲಿ ತಿಮ್ಮರಾಜು, "ಕುಯ್ಸ್ತೀನಿ ಬುಡು, ಅದ್ಕೇನು" ಎಂದು ಕೋಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟ. ಸೀಗೆಪುಡಿ ಕೈಯಲ್ಲಿ ಹಿಡಿದು ಬಚ್ಚಲಲ್ಲಿ ನಿಂತಿದ್ದ ಬೈರಮ್ಮ ಕೂಗಿದ್ದು ಅವನಿಗೆ ಕೇಳಲಿಲ್ಲ. ಮಧ್ಯಾಹ್ನ ಸಾರು ಕುದಿಯುವಾಗ ಅವಳು ತಣ್ಣಗೆ ಹೇಳಿದಳು: "ಕುಯ್ಸ್‌ಬ್ಯಾಡಿ ಅನ್ನಕೆ ಬಾಯಿ ತೆಗ್ದಿದ್ದೆ. ಕೋಳಿ ನೀವು ತಕೊಂಡೋದ್ರಿ, 'ಬ್ಯಾಡಿ' ನನ್ನ ಬಾಯಲ್ಲೇ ಉಳ್ಕತು."

ಬುಟ್ಟಿಯಲ್ಲಿ ಮೊಟ್ಟೆಗಳು ತಣ್ಣಗಾಗಿದ್ದವು. ಸಾರು ಮಾತ್ರ ಚೆನ್ನಾಗಿತ್ತು. ಅದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ತಿಮ್ಮರಾಜುವಿನ ಈ ರೋಗಕ್ಕೆ ಕಾರಣವಿಲ್ಲದೆ ಇಲ್ಲ. ಅರಕೆರೆಯಲ್ಲಿ ಅವನದು ಹಿಟ್ಟಿನ ಮಿಲ್ಲು. ಬೆಲ್ಟು ತಿರುಗಲು ಶುರುವಾದರೆ ಎದುರಿಗೆ ನಿಂತವರ ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ. ರಾಗಿಯೋ, ಗೋಧಿಯೋ, ನುಣ್ಣಗೋ, ತರಿಯೋ ಎಂದು ಮೊದಲ ಅಕ್ಷರದಲ್ಲೇ ಊಹಿಸಿ ಸುರಿದುಬಿಡುವುದು ಅಲ್ಲಿ ಜಾಣತನ. ಮಿಲ್ಲಿನಲ್ಲಿ ಜಾಣತನವಾಗಿದ್ದು ಮನೆಗೆ ಬಂದರೆ ಬಾಯಿಬಡುಕತನ. ಅದರಲ್ಲೂ ಕನ್ನಡದಲ್ಲಿ. ನಮ್ಮ ಭಾಷೆಯಲ್ಲಿ ಹೌದು, ಅಲ್ಲ, ಬೇಕು, ಬೇಡ ಎಲ್ಲವೂ ವಾಕ್ಯದ ಬಾಲದಲ್ಲಿ ಕೂತಿರುತ್ತವೆ. ಬಾಲ ಬರುವ ಮುಂಚೆ ಬಾಗಿಲು ಹಾಕಿದರೆ ಒಳಗೆ ಬಂದದ್ದು ಎತ್ತೋ ಹಸುವೋ ತಿಳಿಯದು.

ಕೋಳಿಯನ್ನಾದರೂ ಮರೆಯಬಹುದಿತ್ತು. ಮರೆಯಲಾಗದ್ದು ಬೂಕನಕೆರೆಯ ಮಾಯಮ್ಮ, ಬೈರಮ್ಮನ ಅಕ್ಕ. ನಿಧಾನವಾಗಿ, ನಡುನಡುವೆ ಉಸಿರು ತಗೊಂಡು, ಎಲೆ ಅಡಿಕೆ ಮೆದ್ದು ಮಾತಾಡುವವಳು. ಪ್ರತಿ ಉಸಿರಿನ ಸಂದಿಯಲ್ಲೂ ತಿಮ್ಮರಾಜು ನುಗ್ಗುತ್ತಿದ್ದ. ಗಂಡ ತೀರಿಕೊಂಡ ವರ್ಷ ಅವಳು ತನ್ನ ಸಂಕಟ ಹೇಳಲು ಬಂದಾಗಲೂ, "ಗೊತ್ತಾಯ್ತು ಬುಡಕ್ಕ, ಬಿಪಿ ತಾನೆ" ಎಂದು ಮುಗಿಸಿದ್ದ. ಅದು ಬಿಪಿಯಾಗಿರಲಿಲ್ಲ. ಏನೆಂದು ಹೇಳದೆಯೇ ಅವಳು ಎದ್ದು ಹೋದಳು. ನನ್ನ ಮಾತು ಪೂರ್ತಿ ಕೇಳುವ ಕಿವಿ ಆ ಮನೆಯಲ್ಲಿ ಹುಟ್ಟುವವರೆಗೂ ಹೊಸಿಲು ತುಳಿಯುವುದಿಲ್ಲ ಎಂದವಳು ಆಮೇಲೆ ಬಂದಿರಲಿಲ್ಲ. ಈಗ ತಂಗಿ ಫೋನಿನಲ್ಲಿ ಅತ್ತು ಕರೆದ ಮೇಲೆ ಅವಳು ಭಾನುವಾರ ಬರಲು ಒಪ್ಪಿದ್ದಳು. ಈ ಸಲ ಕೆಟ್ಟರೆ ಅಕ್ಕ ಇನ್ನು ಬರುವುದಿಲ್ಲವೆಂದು ಬೈರಮ್ಮನಿಗೆ ಗೊತ್ತಿತ್ತು.

"ಅಷ್ಟೇ ತಾನೆ? ಬಾಯಿ ಮುಚ್ಕೊಂಡಿರೋದು ಒಂದು ಇದ್ಯೆಯಾ? ಭಾನುವಾರದೊಳಗೆ ನಾನು ಕಲ್ಲಾಯ್ತೀನಿ ನೋಡು" ಎಂದು ತಿಮ್ಮರಾಜು ಘೋಷಿಸಿದ. ಅವಳ ಮಾತಿನ ನಡುವೆಯೇ ಘೋಷಿಸಿದ.

ಬೈರಮ್ಮ ಅಂಗನವಾಡಿ ಟೀಚರು. ಎಲ್ಲರೂ ಒಟ್ಟಿಗೇ ಕಿರುಚುವ ಮಕ್ಕಳ ನಡುವೆ ದಿನ ಕಳೆಯುವವಳಿಗೆ ಇದು ಹೊಸದಲ್ಲ. ಗಂಡನಿಗೂ ಅದೇ ಪಾಠ ಶುರು ಮಾಡಿದಳು. ಮೊದಲು ಬಾಯಿಯನ್ನಲ್ಲ, ತವಕವನ್ನು ಹಿಡಿಯಬೇಕು: ಇನ್ನೊಬ್ಬರು ಮಾತಾಡುವಾಗ ನಾಲಗೆ ಅಂಗುಳಕ್ಕೆ ಏರುತ್ತದಲ್ಲ, ಅದೇ ಗುರುತು. ಆಗ ಕಿರುಬೆರಳು ಮಡಚಿಕೊಳ್ಳುವುದು. ಹೇಳಬೇಕಾದ್ದು ಬೆರಳಿನಲ್ಲಿರುತ್ತದೆ, ಎಲ್ಲಿಗೂ ಓಡಿಹೋಗುವುದಿಲ್ಲ. ಎದುರಿನವರು ನಿಲ್ಲಿಸಿದರೆ ಮುಗಿಯಿತೆಂದಲ್ಲ, ಒಂದು ಉಸಿರು ಪೂರ್ತಿ ಎಳೆದು ಬಿಡುವಷ್ಟು ಕಾಯಬೇಕು. ಬಾಯಿ ತಪ್ಪಿ ನುಗ್ಗಿದರೆ ಸಬೂಬು ಬೇಡ, "ಅಡ್ಡ ಬಂದೆ, ನೀನು ಹೇಳು" ಎಂದು ಮಾತನ್ನು ವಾಪಸು ಕೊಡಬೇಕು.

ಕಲ್ಲಾಗುತ್ತೇನೆಂದವನಿಗೆ ಮೊದಲ ದಿನವೆಲ್ಲ ಅಡ್ಡ ಬಂದೆ ಎನ್ನುವುದೇ ಕೆಲಸವಾಯಿತು. ಕಿರುಬೆರಳು ನೋಯತೊಡಗಿತು. ಎರಡನೆಯ ಪಾಠ ಇನ್ನೂ ಕಷ್ಟ: ಬೇರೆಯವರು ತನಗೆ ಅಡ್ಡ ಬಂದಾಗ. ಪಕ್ಕದ ಮನೆಯ ಕುಳ್ಳಯ್ಯ ಈ ವಿಷಯದಲ್ಲಿ ತಿಮ್ಮರಾಜುವಿಗೂ ಗುರು. ಟೀ ಅಂಗಡಿಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಒಬ್ಬರಿಗಿಂತ ಒಬ್ಬರು ದನಿ ಏರಿಸಿ, ಕೊನೆಗೆ ಇಬ್ಬರದೂ ಯಾರಿಗೂ ಕೇಳದೆ ಎದ್ದು ಬರುವುದು ವಾಡಿಕೆ. ಬೈರಮ್ಮ ಹೇಳಿಕೊಟ್ಟದ್ದು ಇಷ್ಟು: ದನಿ ಏರಿಸಬಾರದು, ಮುಖ ಊದಿಸಬಾರದು. ಸಣ್ಣ ವಿಷಯವಾದರೆ ಬಿಟ್ಟುಕೊಡಬೇಕು. ಹೇಳಲೇಬೇಕಾದ್ದಾದರೆ, ಅವರು ಮುಗಿಸಿದ ಮೇಲೆ, "ನಂದೊಂದು ಮಾತು ಅರ್ಧ ಆಗಿತ್ತು" ಎಂದು ತುಂಡಾದ ಕಡೆಯಿಂದಲೇ ಹಿಡಿಯಬೇಕು. ತಿಮ್ಮರಾಜು ಮರುದಿನ ಹಾಗೇ ಮಾಡಿದ. ಕುಳ್ಳಯ್ಯ ಗಾಬರಿಯಾಗಿ, "ಯಾಕ್ಲಾ, ಉಸಾರಿಲ್ವಾ?" ಎಂದು ಕೇಳಿದ.

ಕೊನೆಯ ಪಾಠ ಶನಿವಾರ ಸಂಜೆ. ಬೈರಮ್ಮ ಹೇಳುತ್ತಿದ್ದಳು: "ಇನ್ನೊಂದು ಕೇಳಿ. ಬೆಂಕಿ ಬಿದ್ರೆ, ಹಾಲು ಉಕ್ಕುದ್ರೆ, ಏನಾರ ಅನಾಹುತ ಆಯ್ತಾ ಇದ್ರೆ, ಯಾರೇ ಮಾತಾಡ್ತಿರ್ಲಿ, ಅಡ್ಡ..."

"ಬರಾಕಿಲ್ಲ. ಗೊತ್ತಾಯ್ತು" ಎಂದ ತಿಮ್ಮರಾಜು.

ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಬೈರಮ್ಮ ಒಳಗೆ ಓಡಿದಳು. ಪಾಠ ಅಲ್ಲಿಗೆ ನಿಂತಿತು.

ಭಾನುವಾರ ಮಾಯಮ್ಮ ಬಂದಳು. ಮದುವೆ ಮುಂಜಿಗಷ್ಟೇ ತೆಗೆಯುವ ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಒಳಗೆ ಸೆಕೆ ಎಂದು ಅಂಗಳದ ಹಲಸಿನ ಮರದಡಿ ಕಟ್ಟೆಯ ಮೇಲೆ ಕೂತಳು. ಸೆರಗು ಹಿಂದಕ್ಕೆ ಇಳಿಬಿದ್ದಿತ್ತು. ಎದುರಿಗೆ ಮಣೆಯ ಮೇಲೆ ಕೂತ ತಿಮ್ಮರಾಜು ಕಿರುಬೆರಳು ಮಡಚಿ, ಬಾಯಿಗೆ ಬೀಗ ಹಾಕಿ ಸಿದ್ಧನಾದ. ಬೈರಮ್ಮ ಅಡುಗೆಮನೆಯಿಂದ ಒಮ್ಮೆ ಇಣುಕಿ, ನೆಮ್ಮದಿಯಿಂದ ಮುದ್ದೆ ತಿರುವಲು ಹೋದಳು.

ಮಾಯಮ್ಮ ಶುರು ಮಾಡಿದಳು. ಅದೇ ಹೊತ್ತಿಗೆ ಕುಳ್ಳಯ್ಯನ ಮೇಕೆ ಬೇಲಿ ಹಾರಿ ಬಂದು ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡಿತು.

ತಿಮ್ಮರಾಜುವಿನ ನಾಲಗೆ ಅಂಗುಳಕ್ಕೆ ಏರಿತು. ಬೆರಳು ಬಿಗಿ ಮಾಡಿದ. ಅನಾಹುತವಾದರೂ ಅಡ್ಡ ಬರಬಾರದೆಂಬುದು ಪಾಠ. ಮಾಯಮ್ಮ ಉಸಿರು ತಗೊಂಡಳು. ಅವನೂ ಒಂದು ಉಸಿರು ಎಳೆದು ಬಿಟ್ಟು, ಇನ್ನೇನು ಹೇಳಬೇಕು, ಅವಳು ಮುಂದುವರಿದಳು. ಮೇಕೆಯೂ ಮುಂದುವರಿಯಿತು. ಅದು ಜರಿಯನ್ನು ಉಗಿದು ರೇಷ್ಮೆಯನ್ನಷ್ಟೇ ನುಂಗುತ್ತಿತ್ತು, ಹದ ಬಲ್ಲ ಮೇಕೆ. ಮಾಯಮ್ಮನ ಕಣ್ಣಲ್ಲಿ ನೀರು ಬಂತು. ತಿಮ್ಮರಾಜುವಿನ ಕಣ್ಣಲ್ಲೂ ಬಂತು. ಕಾರಣ ಬೇರೆ. ತಂಗಿಯ ಗಂಡ ಕರಗಿದನೆಂದು ಅವಳು ಇನ್ನಷ್ಟು ಬಿಚ್ಚಿ ಹೇಳಿದಳು.

ಕೊನೆಗೊಂದು ದೊಡ್ಡ ನಿಲುಗಡೆ ಸಿಕ್ಕಿತು. ಉಸಿರು ಎಳೆದು ಬಿಟ್ಟು, "ಅಕ್ಕ, ನಿಮ್ಮ ಸೆರಗ..." ಎಂದ.

"ಸೆರಗೊಡ್ಡಿ ಬೇಡಕೆ ಬಂದಿಲ್ಲ ಕಣಪ್ಪ ನಾನು" ಎಂದು ಮಾಯಮ್ಮ ತಡೆದಳು. "ಎದೇಲಿದ್ದುದ್ದ ಏಳಕೆ ಬಂದೆ, ಅಷ್ಟೆಯ." ಮಾತು ಮತ್ತೆ ಹರಿಯಿತು.

ಎರಡನೆಯ ಪಾಠ. ತಿಮ್ಮರಾಜು ದನಿ ಏರಿಸಲಿಲ್ಲ, ಮುಖ ಊದಿಸಲಿಲ್ಲ. ಅವಳು ಪೂರ್ತಿ ಮುಗಿಸಲು ಬಿಟ್ಟ. ಆಮೇಲೆ ಸಮಾಧಾನವಾಗಿ ತುಂಡಾದ ಕಡೆಯಿಂದಲೇ ಹಿಡಿದ: "ನಂದೊಂದು ಮಾತು ಅರ್ಧ ಆಗಿತ್ತಕ್ಕ. ನಿಮ್ಮ ಸೆರಗ ಮೇಕೆ ತಿಂತಾ ಅದೆ."

ಅಷ್ಟು ಹೊತ್ತಿಗೆ ಸೆರಗು ಇರಲಿಲ್ಲ. ಮೇಕೆ ಬೆನ್ನಿನ ಹತ್ತಿರಕ್ಕೆ ಬಂದಿತ್ತು.

ಚೀರಾಟಕ್ಕೆ ಬೈರಮ್ಮ ಮುದ್ದೆ ಕೋಲಿನ ಸಮೇತ ಓಡಿ ಬಂದಳು. "ಮೊದ್ಲೇ ಅನ್ನಕೇನಾಗಿತ್ತು ನಿಮಗೆ?" ತಿಮ್ಮರಾಜು ಸತ್ಯವನ್ನೇ ಹೇಳಿದ: "ಅನಾಹುತ ಆದ್ರೂ ಅಡ್ಡ ಬರಾಕಿಲ್ಲ ಅಂತ ನೀನೇ ಅಂದ್ಯಲ್ಲ."

"ಅಡ್ಡ ಬರ್ಬೋದು ಅಂತಿದ್ದೆ. 'ಬರಾಕಿಲ್ಲ' ಅಂದೋರು ನೀವು."

ಮಾಯಮ್ಮ ಮೋಟಾದ ಸೀರೆಯನ್ನು ಮಡಿಲಲ್ಲಿ ಹಿಡಿದು ಅವನನ್ನೇ ನೋಡಿದಳು. "ಓಗ್ಲಿ ಬುಡವ್ವ" ಎಂದಳು ತಂಗಿಗೆ. "ಸೀರೆ ಓದ್ರೆ ಓಯ್ತು. ಈವಯ್ಯ ಒಂದ್ಸಲ ನನ್ನ ಮಾತ ಪೂರ್ತಿ ಕೇಳುದ್ನಲ್ಲ, ಅಷ್ಟು ಸಾಕು." ಬೈರಮ್ಮನ ಮುಖ ಅರಳಿತು. ತಿಮ್ಮರಾಜು ಕಿರುಬೆರಳು ಬಿಚ್ಚಿದ.

"ನಾನೇನೇಳ್ದೆ, ಏಳಪ್ಪ ನೋಡವ?" ಎಂದಳು ಮಾಯಮ್ಮ.

ತಿಮ್ಮರಾಜು ಬಾಯಿ ತೆರೆದ. ಅವಳ ಮಾತಿನುದ್ದಕ್ಕೂ ಅವನ ಕಣ್ಣೂ ಕಿವಿಯೂ ಮೇಕೆಯ ಮೇಲಿದ್ದವು. ಮೇಕೆ ಎಲ್ಲಿಂದ ಶುರು ಮಾಡಿತು, ಎಲ್ಲಿ ಉಗಿಯಿತು, ಎಲ್ಲಿ ನಿಂತಿತು ಎಂಬುದನ್ನು ಅವನು ತಪ್ಪಿಲ್ಲದೆ ಹೇಳಬಲ್ಲವನಾಗಿದ್ದ. "ಬಿಪಿ..." ಎಂದ ಮೆಲ್ಲಗೆ.

ಯಾರೂ ಅಡ್ಡ ಬರಲಿಲ್ಲ.

ಮಾಯಮ್ಮ ತಂಗಿಯ ಕಡೆ ತಿರುಗಿ ಉಟ್ಟುಕೊಳ್ಳಲು ಒಂದು ಸೀರೆ ಕೇಳಿದಳು. ಬೈರಮ್ಮ ಮೇಕೆಯನ್ನು ಎಳೆದು ಕುಳ್ಳಯ್ಯನ ಕಂಬಕ್ಕೆ ಕಟ್ಟಿ ಬಂದಳು. ಹತ್ತಿಯ ಸೀರೆ ಉಟ್ಟು ಬಂದ ಮಾಯಮ್ಮ ಅದೇ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ, ಮಣೆಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಳ್ಳಲು ತಿಮ್ಮರಾಜುವಿಗೆ ಹೇಳಿದಳು. ಸಂಜೆಯ ಬಸ್ಸಿಗೆ ಹೋಗುವುದನ್ನು ಬಿಟ್ಟು ತನ್ನ ಮಾತನ್ನು ಮೊದಲಿಂದ ಶುರು ಮಾಡಿದಳು. ಬೈರಮ್ಮ ರಾತ್ರಿಗೆ ಇನ್ನೊಂದು ಮುದ್ದೆಯ ಹಿಟ್ಟು ತೆಗೆದಿಟ್ಟಳು.