ತೊಂಬತ್ತು ಸೆಕೆಂಡಿನ ಹರಿಕಥೆ

ಹರಿಕಥೆ ಹೇಳುವವನ ಬದುಕಿನಲ್ಲಿ ನಗುವ ಸಂಗತಿಗಳಿಗೆ ಬರ ಎಂಬುದಿಲ್ಲ. ಮೊದಲು ವೇದಿಕೆಯ ಮೇಲೆ ಆಗುತ್ತಿದ್ದವು, ಈಗ ಮೊಬೈಲಿನೊಳಗೂ ಆಗುತ್ತವೆ, ಅಷ್ಟೇ ವ್ಯತ್ಯಾಸ.

ಮೊಬೈಲಿನೊಳಗೆ ನನ್ನನ್ನು ತಳ್ಳಿದವರು ಕಡಬ ಕಡೆಯ ಒಂದು ಭಜನಾ ಮಂದಿರದ ಅಧ್ಯಕ್ಷರು. ವಾರ್ಷಿಕೋತ್ಸವಕ್ಕೆ ಕರೆಯಲು ಫೋನ್ ಮಾಡಿ, "ದಾಸರೆ, ನಾಟಕದ ಮೊದಲು ಇಪ್ಪತ್ತು ನಿಮಿಷ ನಿಮಗೆ" ಎಂದರು. ಇಪ್ಪತ್ತು ನಿಮಿಷದಲ್ಲಿ ನಾನು ಶಲ್ಯ ಸರಿಮಾಡಿಕೊಂಡು ಶ್ರುತಿ ಹಿಡಿಯಬಹುದು. ಪೂರ್ತಿ ಎರಡೂವರೆ ಗಂಟೆ ಕೊಟ್ಟರೆ ಬರುತ್ತೇನೆ, ಇಲ್ಲವಾದರೆ ಇಲ್ಲ ಎಂದೆ.

"ಈಗ ಅಷ್ಟು ಹೊತ್ತು ಯಾರು ಕೂರ್ತಾರೆ ಮಾರಾಯ್ರೆ? ಎಲ್ಲರೂ ರೀಲ್ಸ್ ನೋಡುದು. ನೀವೊಂದು ಸಣ್ಣ ವಿಡಿಯೋ ಮಾಡಿ. ನಮ್ಮ ಊರಿನವರು ಒಬ್ಬರಾದರೂ ಬೆರಳು ಸರಿಸದೆ ಕೊನೆ ತನಕ ಕೂತರೆ, ಪೂರ್ತಿ ಹೊತ್ತು ನಿಮ್ಮದು."

ಒಪ್ಪಿಕೊಂಡೆ. ಕೊಲ್ಲಮೊಗ್ರಿನಲ್ಲಿ ಒಮ್ಮೆ ಕರೆಂಟು ಹೋಗಿ ಮೈಕು ಸತ್ತಾಗಲೂ ನನ್ನ ಸಭೆ ಎದ್ದಿರಲಿಲ್ಲ. ಒಬ್ಬರನ್ನು ಕೂರಿಸುವುದು ಯಾವ ಮಹಾ ಕೆಲಸ?

ಗಣಪತಿಗೇ ಮುಗಿಯಿತು

ಪುತ್ತೂರಿನಲ್ಲಿ ಮದುವೆ ವಿಡಿಯೋ ಮಾಡುವ ಒಬ್ಬ ಬ್ಯಾರಿ ಮುಸ್ಲಿಂ ಗೆಳೆಯರಿದ್ದಾರೆ. ಅವರ ಸ್ಟುಡಿಯೋಕ್ಕೆ ತಬಲಾದವರನ್ನೂ ಹಾರ್ಮೋನಿಯಂನವರನ್ನೂ ಕರೆದುಕೊಂಡು ಹೋದೆ. ಕಥೆ, ಹನುಮಂತ ಕಡಲು ಹಾರುವುದು. ಕಣ್ಣು ಮುಚ್ಚಿ ಗಣಪತಿ ಸ್ತುತಿಯಿಂದ ತೊಡಗಿದೆ. ಸ್ತುತಿ ಮುಗಿಸಿ, ಗುರುವಂದನೆ ಮಾಡಿ, ಪೀಠಿಕೆಗೆ ಬಾಯಿ ತೆರೆಯುವಾಗ ಸ್ಟುಡಿಯೋದವರು ಕೈ ಎತ್ತಿದರು.

"ತೊಂಬತ್ತು ಸೆಕೆಂಡು ಆಯ್ತು ದಾಸರೆ. ರೀಲ್ಸ್ ಅಷ್ಟೇ."

"ಕಥೆ ಶುರುವೇ ಆಗಲಿಲ್ಲವಲ್ಲ?"

"ಜನ ಹೋಗಿ ಆಯ್ತು. ಮೂರು ಸೆಕೆಂಡಿನೊಳಗೆ ಎಂತದ್ದಾದರೂ ಸಿಗ್ಬೇಕು ಅವರಿಗೆ."

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಹರಿಕಥೆಯಲ್ಲಿ ಸಭೆಯನ್ನು ಹಿಡಿಯುವುದು ಪಲ್ಲವಿ. ಕಥೆ ಎಲ್ಲಿಗೇ ಹೋಗಲಿ, ತಿರುಗಿ ಬಂದು ಕೂರುವುದು ಆ ಒಂದು ಸಾಲಿನ ಮೇಲೆ. ಹಾಗಾದರೆ ಅದನ್ನೇ ಮೊದಲಿಗಿಡುವ ಎಂದು, "ದಾಟುವವರು ಯಾರಯ್ಯಾ, ಈ ಕಡಲ ದಾಟುವವರು ಯಾರಯ್ಯಾ" ಎಂದು ಮೇಲಿನ ಷಡ್ಜದಿಂದಲೇ ಎತ್ತಿದೆ. ನಾಲ್ಕು ಮಾತು ಗದ್ಯ, ಒಂದು ಎಳೆತ, ಮತ್ತೆ ಪಲ್ಲವಿ. ಸ್ಟುಡಿಯೋದವರು ತಲೆದೂಗಿದರು. ತಬಲಾದವರು ಮಾತ್ರ ಬೇಸರದಿಂದ, "ಗಣಪತಿಯನ್ನು ಬಿಟ್ಟದ್ದು ಸರಿಯಾ?" ಎಂದರು.

"ಬಿಟ್ಟಿಲ್ಲ. ಕ್ಯಾಮರಾ ಆನ್ ಮಾಡುವ ಮೊದಲು ಮುಗಿಸುವ" ಎಂದೆ. ಹಾಗೆ ಪ್ರತಿ ಟೇಕಿಗೂ ಒಂದು ಪೂರ್ತಿ ಗಣಪತಿ ಸ್ತುತಿಯಾಗಿ, ಮಧ್ಯಾಹ್ನದೊಳಗೆ ಸ್ಟುಡಿಯೋದವರಿಗೂ ಅದು ಬಾಯಿಪಾಠವಾಯಿತು.

ಚಿಟಿಕೆ ಎಲ್ಲಿ ಹೋಯಿತು?

ರೆಕಾರ್ಡ್ ಆದದ್ದನ್ನು ಕೇಳಿದರೆ ನನ್ನ ಮಾತೊಂದೇ ಉಂಟು. ಶ್ರುತಿ ಇಲ್ಲ, ತಾಳಕ್ಕೆ ಕೈಯಲ್ಲಿ ಹಿಡಿದಿದ್ದ ಮರದ ಚಿಟಿಕೆಯ ಸದ್ದೂ ಇಲ್ಲ. ಊರಿಲ್ಲದ ಕಡೆ ಒಬ್ಬನೇ ಮಾತಾಡಿಕೊಂಡು ಹೋದ ಹಾಗಿತ್ತು. ಹಾರ್ಮೋನಿಯಂನವರ ಮುಖ ಸಣ್ಣದಾಯಿತು.

ಮೊಬೈಲಿನಲ್ಲಿ ಗಲಾಟೆ ತೆಗೆಯುವ ಒಂದು ವ್ಯವಸ್ಥೆ ಉಂಟಂತೆ. ಮಾತನ್ನು ಉಳಿಸಿ, ಒಂದೇ ಸಮನೆ ಗುಂಯ್‌ಗುಡುವುದನ್ನೂ ಟಕ್ ಟಕ್ ಎನ್ನುವುದನ್ನೂ ಅಳಿಸುತ್ತದೆ. ಹಾರ್ಮೋನಿಯಂನ ಶ್ರುತಿಯನ್ನು ಅದು ಫ್ಯಾನ್ ಎಂದುಕೊಂಡಿತ್ತು. ಅದನ್ನು ಆಫ್ ಮಾಡಿಸಿ, ಚಿಟಿಕೆ ಬಲಗೈಯಲ್ಲಿದ್ದುದರಿಂದ ಮೈಕನ್ನು ಶಲ್ಯದ ಎಡಭಾಗಕ್ಕೆ ಸಿಕ್ಕಿಸಿದೆವು. ಆಗ ಎಲ್ಲವೂ ಹದವಾಗಿ ಕೇಳಿತು.

ಆದರೆ ನಾನು ಕಾಣಲಿಲ್ಲ. ದಾಸರಾದವರು ನಿಂತಲ್ಲೇ ನಿಲ್ಲುವುದಿಲ್ಲವಷ್ಟೆ, ಎಡಕ್ಕೆ ಹೋಗಿ ಜಾಂಬವಂತ, ಬಲಕ್ಕೆ ಬಂದು ಅಂಗದ. ಮೊಬೈಲಿನ ಅಗಲ ಕಡಿಮೆಯ ಉದ್ದ ಚಿತ್ರದಲ್ಲಿ ಇಬ್ಬರೂ ಹೊರಗೆ, ನಡುವೆ ಒಂದು ಖಾಲಿ ಗೋಡೆ. ಕೊನೆಗೆ ಬದಿಗೆ ಹೋಗುವುದನ್ನು ಬಿಟ್ಟು ಮುಂದೆ ಹಿಂದೆ ಹೋಗಲು ಕಲಿತೆ. ಜಾಂಬವಂತನಿಗೆ ಕತ್ತು ಮಾತ್ರ ತಿರುಗಿಸುವುದು, ಹನುಮಂತ ಬೆಳೆಯುವಾಗ ಒಂದೊಂದೇ ಹೆಜ್ಜೆ ಕ್ಯಾಮರಾದ ಹತ್ತಿರ ಬರುವುದು. ವೇದಿಕೆಯಲ್ಲೂ ಇಷ್ಟು ಚಂದ ಬೆಳೆದಿರಲಿಲ್ಲ ನನ್ನ ಹನುಮಂತ.

ಹಾರ್ಮೋನಿಯಂನವರಿಗೆ ಮಾತ್ರ ಸಿಟ್ಟು ಇಳಿಯಲಿಲ್ಲ. "ನನ್ನನ್ನು ಫ್ಯಾನ್ ಅಂತ ಹೇಳಿದ್ದು ಇದೇ ಮೊದಲು. ನನ್ನ ಹೆಂಡತಿ ಸಹ ಹೇಳ್ಲಿಲ್ಲ."

ಪಾಸ್‌ಪೋರ್ಟಿನವರು

ಹರಿಕಥೆಯ ಅರ್ಧ ಜೀವ ಸಭೆಯಲ್ಲಿರುತ್ತದೆ. ನಾನು "ಗೋವಿಂದಾ" ಎಂದು ಎಳೆದರೆ ಎದುರಿನಿಂದ "ಗೋವಿಂದ" ಎಂದು ಬರಬೇಕು. ತಬಲಾದ ಮುಕ್ತಾಯ ಬೀಳುವುದೂ ಅದರ ಮೇಲೆ. ಸ್ಟುಡಿಯೋದಲ್ಲಿ ನಾನು ಎಳೆದೆ, ಎದುರಿನಿಂದ ಏನೂ ಬರಲಿಲ್ಲ, ತಬಲಾದವರ ಕೈ ಮೇಲೆಯೇ ನಿಂತಿತು.

"ಹೊರಗೆ ಗಿರಾಕಿಗಳು ಇದ್ದಾರೆ, ಅವರನ್ನೇ ಹೇಳಿಸುವ" ಎಂದರು ಸ್ಟುಡಿಯೋದವರು. ಅಂಗಡಿಯ ಕಡೆಯ ಬಾಗಿಲು ತೆರೆದಿಟ್ಟು ಎಲ್ಲರಿಗೂ ಹೇಳಿಕೊಟ್ಟೆವು. ಸುಳ್ಯದಿಂದ ಬಂದ ಕೃಷಿಕರೊಬ್ಬರು ಪಾಸ್‌ಪೋರ್ಟ್ ಫೋಟೋಕ್ಕೆ ಸ್ಟೂಲಿನ ಮೇಲೆ ಕೂತಿದ್ದರು. ಈ ಟೇಕಿಗೆ ಸದ್ದು ತುಂಬಿ ಬಂತು, ಅವರದೇ ಎಲ್ಲರಿಗಿಂತ ಗಟ್ಟಿ. ಅದೇ ಹೊತ್ತಿಗೆ ಸ್ಟುಡಿಯೋದ ಸಹಾಯಕಿ ಅವರ ಫೋಟೋ ಕ್ಲಿಕ್ಕಿಸಿದ್ದಳು.

"ಸರ್, ಬಾಯಿ ತೆರೆದಿದೆ. ಇನ್ನೊಮ್ಮೆ ತೆಗೆಯುವ" ಎಂದಳು.

ಅವರು ಫೋಟೋ ನೋಡಿ, "ಇರಲಿ ಬಿಡಿ. ದೇವರ ಹೆಸರು ಹೇಳುವ ಬಾಯಿ ಅಲ್ವಾ, ಯಾವ ದೇಶದವರು ಬೇಡ ಹೇಳ್ತಾರೆ?" ಎಂದರು.

ಮಂಗಳವಿಲ್ಲದ ಕಥೆ

ಕೊನೆಯದು ಮಂಗಳದ ಪ್ರಶ್ನೆ. ಮಂಗಳ ಹಾಡದೆ ದಾಸ ಕಥೆ ನಿಲ್ಲಿಸುವಂತಿಲ್ಲ, ಮಂಗಳ ಆಗದೆ ಸಭೆ ಏಳುವಂತಿಲ್ಲ. ಆದರೆ ಸ್ಟುಡಿಯೋದವರು, "ಮಂಗಳ ಹೇಳಿದರೆ ಮುಗೀತು ಅಂತ ಜನ ಮುಂದೆ ಹೋಗ್ತಾರೆ. ರೀಲ್ಸ್ ತನ್ನಷ್ಟಕ್ಕೆ ತಿರುಗಿ ಮೊದಲಿನಿಂದ ಬರ್ತದೆ. ತುದಿ ಮೊದಲಿಗೆ ಸೇರುವ ಹಾಗೆ ಮಾಡಿ" ಎಂದರು.

ಪಲ್ಲವಿಯ ಕೆಲಸವೇ ಅದು. ಹನುಮಂತ ಎದ್ದ, ಬಾಲ ಬೀಸಿದ, ಕಾಲೂರಿದ, ಎಂದು ಸ್ವರ ಏರಿಸಿ ಅಲ್ಲಿಗೇ ಕತ್ತರಿಸಿದೆವು. ಮರುಕ್ಷಣ ವಿಡಿಯೋ ಮೊದಲಿಗೆ ಹೋಗಿ ಅದೇ ಷಡ್ಜದಲ್ಲಿ "ದಾಟುವವರು ಯಾರಯ್ಯಾ" ಎನ್ನುತ್ತದೆ. ಹೊಲಿಗೆ ಕಾಣುವುದೇ ಇಲ್ಲ. ನನಗೇ ಹೆಮ್ಮೆಯಾಯಿತು. ಮಂದಿರದ ಗ್ರೂಪಿಗೆ ಅದರ ಲಿಂಕ್ ಕಳಿಸಿದೆ.

ಮರುದಿನ ಮಧ್ಯಾಹ್ನ ಅಧ್ಯಕ್ಷರ ಫೋನ್.

"ದಾಸರೆ, ಎಂತ ಮಾಡಿಟ್ಟಿದ್ದೀರಿ? ಅಮ್ಮ ಬೆಳಿಗ್ಗೆಯಿಂದ ಎದ್ದಿಲ್ಲ."

"ಹುಷಾರಿಲ್ವಾ?"

"ಹುಷಾರಾಗಿಯೇ ಇದ್ದಾರೆ. ಹೆಂಡತಿ ಪುತ್ತೂರಿಗೆ ಹೋಗುವಾಗ ನಿಮ್ಮ ವಿಡಿಯೋ ಹಾಕಿ ಮೊಬೈಲ್ ಕೊಟ್ಟು ಹೋದಳು. ಮಂಗಳ ಆಗದೆ ಏಳುದಿಲ್ಲ ಅಂತ ಕೂತಿದ್ದಾರೆ. ಒಲೆಯೇ ಹಚ್ಚಿಲ್ಲ."

"ಅಂದರೆ ಒಬ್ಬರು ಕೊನೆ ತನಕ ಕೂತರು."

"ಕೊನೆ ಎಲ್ಲಿ ಉಂಟು ಮಾರಾಯ್ರೆ ಅದರಲ್ಲಿ?" ಎಂದು ಅವರು ಉಸಿರುಬಿಟ್ಟರು. "ಒಪ್ಪಿದೆ. ಎರಡೂವರೆ ಗಂಟೆಯೂ ನಿಮ್ಮದೇ, ನಾಟಕದವರಿಗೆ ನಾನು ಹೇಳ್ತೇನೆ. ಸ್ಪೀಕರ್ ಹಾಕ್ತೇನೆ, ಈಗ ಒಂದು ಮಂಗಳ ಹಾಡಿ."

ಇಷ್ಟು ಸಂತೋಷದಿಂದ ನಾನು ಮಂಗಳಕ್ಕೆ ಶ್ರುತಿ ಹಿಡಿದದ್ದಿಲ್ಲ. ಒಂದು ಸಾಲು ಆಗುವುದರೊಳಗೆ ಅತ್ತಲಿಂದ ಅಜ್ಜಿಯ ಸ್ವರ ಬಂತು.

"ನಿಲ್ಲಿ ದಾಸರೆ. ಬೆಳಿಗ್ಗೆಯಿಂದ ಹನುಮಂತ ಕಾಲೂರುದು, ಮತ್ತೆ ಯಾರು ದಾಟುದು ಅಂತ ಕೇಳುದು. ಹಾರುದೇ ಇಲ್ಲ. ಹಾರದೆ ಮಂಗಳ ಯಾವ ಕ್ರಮ? ಲಂಕೆಗೆ ಹೋಗಿ ಸೀತೆಯನ್ನು ನೋಡಿ ಬರಲಿ, ಮತ್ತೆ ಹಾಡಿ."

ಅಜ್ಜಿ ಹೇಳಿದ್ದೇ ಕ್ರಮ. ನಾನು ಗಂಟಲು ಸರಿಮಾಡಿಕೊಂಡು ಹನುಮಂತನನ್ನು ಹಾರಿಸಿದೆ. ಹಿಂದಿನಿಂದ ಅಧ್ಯಕ್ಷರು ಮೆಲ್ಲಗೆ, "ಅಮ್ಮ, ಅಷ್ಟರ ತನಕ ನನ್ನ ಊಟ?" ಎಂದದ್ದು ಕೇಳಿಸಿತು.

"ಅಶೋಕವನದಲ್ಲಿ ಸೀತೆ ಉಪವಾಸ ಕೂತಿದ್ದಾಳೆ, ನಿನಗೆ ಊಟವಾ? ಸುಮ್ಮನೆ ಗೋವಿಂದ ಹೇಳು."